ಮ್ಯಾಟ್ರಿಕ್ಸ್ ಪೂರ್ತಿ ಹಸಿರು ಐತಿ, ನಂಬಿ ಸಹಿ ಹಾಕಬೇಕೋ ಬ್ಯಾಡೋ?

ಉದ್ಯಮಬಾಗ್ ಕೋಡರ್ (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರಿಗೂ. ಒಂದು ಸಕ್ಕರಿ ಕಾರ್ಖಾನಿಗೆ ಕಬ್ಬಿನ ಕಾಟಾದ ಸಾಫ್ಟ್‌ವೇರ್ ಮಾಡೋ ತಂಡದಾಗ ಅದೀನಿ. ಗಾಡಿ ಬಂದ ಕೂಡಲೇ ತುಂಬಿದ ತೂಕ, ಕಬ್ಬು ಇಳಿಸಿ ಹೊಂಟಾಗ ಖಾಲಿ ತೂಕ, ಉಳಿದದ್ದು ರೈತನ ಹೆಸರಿಗೆ. ಕೇಳಾಕ ಸರಳ. ಆದ್ರ ಕಾಟಾ ನಾಕು, ಹಗಲು ರಾತ್ರಿ ನಿಲ್ಲಂಗಿಲ್ಲ, ನೆಟ್ ಯಾವಾಗ ಹೋಗ್ತೈತಿ ದೇವರಿಗೇ ಗೊತ್ತು.

ಕೆಲಸ ನನ್ನ ಕೈಗೆ ಅರ್ಧಕ್ಕ ಬಂದೈತಿ. ಮೊದಲಿದ್ದಾವ್ರು ಎಕ್ಸೆಲ್‌ನ್ಯಾಗ ಟ್ರೇಸೆಬಿಲಿಟಿ ಮ್ಯಾಟ್ರಿಕ್ಸ್ ಮಾಡಿಟ್ಟಾರ. 64 ಸಾಲು. ಪ್ರತಿ ಬೇಡಿಕಿ ಮುಂದ ಡಿಸೈನ್ ನಂಬರ್, ಟೆಸ್ಟ್ ನಂಬರ್, ಫಲಿತಾಂಶ, ಡೆಲಿವರಿ. ಒಂದೂ ಕೆಂಪಿಲ್ಲ, ಒಂದೂ ಖಾಲಿ ಇಲ್ಲ. ಹಂಗಾಮು ಸುರು ಆಗೋದ್ರೊಳಗ ನಮ್ಮ ಕಡೆಯಿಂದ ನಾ ಸಹಿ ಹಾಕಬೇಕು. ಇಷ್ಟು ಸ್ವಚ್ಛ ಇರೋದ ನನಗ ಸಂಶಯ. ಮಾದರಿಗೆ ಒಂದು ಸಾಲು:

```
W-12 | ನೆಟ್ ಇಲ್ಲದಾಗ ತೂಕ ನಡೀಬೇಕು, ಚೀಟಿ ಬರಬೇಕು,
       ನೆಟ್ ಬಂದ ಮ್ಯಾಲೆ ಲೆಕ್ಕ ಸರ್ವರ್‌ಗೆ ಹೋಗಬೇಕು
     | D-5 | T-31 | PASS | Delivered: Y
```

ಇಡೀ ಸಿಸ್ಟಂ ಮತ್ತೊಮ್ಮೆ ಟೆಸ್ಟ್ ಮಾಡೋವಷ್ಟು ಟೈಮ್ ಇಲ್ಲ. ಶೀಟ್ ಖರೇ ಹೇಳ್ತೈತೋ ಇಲ್ಲೋ ಅಂತ ಶೀಟ್ ನೋಡೇ ತಿಳಿಯೋ ದಾರಿ ಏನರ ಐತೇನ್ರಿ?

ಬಾಗಲಕೋಟಿ ಪಿಎಂ

ಸಂಶಯ ಯಾಕ್ರಿ? ಮ್ಯಾಟ್ರಿಕ್ಸ್ ಇರೋದ ಅದಕ್ಕ. ಪ್ರತಿ ಸಾಲಿಗೆ ಒಂದು ಟೆಸ್ಟ್, ಪ್ರತಿ ಟೆಸ್ಟ್‌ಗೆ ಪಾಸ್. ನೂರಕ್ಕ ನೂರು ಕವರೇಜ್ ಆತಲ್ಲ. ನಮ್ಮಲ್ಲಿ ಎಕ್ಸೆಲ್ ಸುದ್ದಿನ ಇಲ್ಲ, ಜಿರಾದಾಗ ಸ್ಟೋರಿಗೆ ಟೆಸ್ಟ್ ಲಿಂಕ್ ಮಾಡ್ತೀವಿ, ಸ್ಟೋರಿ ಕ್ಲೋಸ್ ಆದ್ರ ಬೇಡಿಕಿ ಮುಗೀತು. ಸಹಿ ಹಾಕಿ ಬಿಲ್ ಕಳಸ್ರಿ.

ವಿಜಯಪುರದ ಟೆಸ್ಟರ್

ತಮ್ಮಾ, ಸಹಿ ಹಾಕೋ ಮೊದಲು ಒಂದು ಕೆಲಸ ಮಾಡು. T-31 ತೆಗೆದು, ಅದರೊಳಗಿನ ಹೆಜ್ಜೆಗಳನ್ನ ಮತ್ತ "ನಿರೀಕ್ಷಿತ ಫಲಿತಾಂಶ" ಅನ್ನೋ ಕಡೆ ಏನು ಬರದಾರ ಅನ್ನೋದನ್ನ ಇಲ್ಲಿ ಹಾಕು. ಟೆಸ್ಟಿನ ಹೆಸರು ಬ್ಯಾಡ, ಒಳಗಿನ ಮಾತು ಬೇಕು.

ಉದ್ಯಮಬಾಗ್ ಕೋಡರ್

ಅಕ್ಕಾರ, ಇಷ್ಟ ಐತ್ರಿ: ಲ್ಯಾನ್ ಕೇಬಲ್ ಕೀಳು, ಒಂದು ಗಾಡಿ ತೂಕ ಮಾಡು, ಚೀಟಿ ಪ್ರಿಂಟ್ ಆಗ್ತದೋ ನೋಡು. ನಿರೀಕ್ಷಿತ ಫಲಿತಾಂಶ: ಚೀಟಿ ಬರಬೇಕು. ಮುಗೀತು.

ವಿಜಯಪುರದ ಟೆಸ್ಟರ್

ನೋಡು, ನಿನ್ನ W-12ರಾಗ ಮೂರು ಬೇಡಿಕಿ ಕೂತಾವ. ತೂಕ ನಡೀಬೇಕು, ಚೀಟಿ ಬರಬೇಕು, ಲೆಕ್ಕ ಸರ್ವರ್‌ಗೆ ಹೋಗಬೇಕು. T-31 ಮೊದಲಿನ ಎರಡನ್ನ ನೋಡೇದ. ಮೂರನೇದಕ್ಕ ಕೇಬಲ್ ವಾಪಸ್ ಹಾಕೋ ಹೆಜ್ಜೆನೇ ಇಲ್ಲ. ಆದ್ರ ಸಾಲು ಒಂದೇ ಇದ್ದುದ್ದಕ್ಕ ಹಸಿರು ಬಣ್ಣ ಮೂರಕ್ಕೂ ಹತ್ತಿ ಕೂತದ. ನಿನ್ನ 64 ಸಾಲಿನಾಗ "ಮತ್ತು", "ಹಾಗೂ", ಅಲ್ಪವಿರಾಮ ಎಲ್ಲೆಲ್ಲಿ ಅವ ಅಲ್ಲೆಲ್ಲ ಇದನ್ನ ಮೊದಲು ನೋಡು. ಶೀಟ್ ಸುಳ್ಳು ಹೇಳೋ ಮೊದಲನೇ ಜಾಗ ಇದು, ಮತ್ತ ಪತ್ತೆ ಹಚ್ಚಲಿಕ್ಕೆ ಭಾಳ ಸಸ್ತಾ.

ಒಡಿಯೋವಾಗ W-12 ಅಳಸಬ್ಯಾಡ. W-12.1, W-12.2, W-12.3 ಅಂತ ಕೆಳಗ ಸಾಲು ಹಾಕು. ಹಳೇ ನಂಬರ್ ಹಿಡಕೊಂಡು ಬರೆದ ಮೇಲ್, ಮೀಟಿಂಗ್ ನೋಟ್ ಎಲ್ಲಾ ಅದಕ್ಕ ಕಟ್ಟಿಕೊಂಡಿರ್ತಾವ. ರದ್ದಾದ ನಂಬರನ್ನ ಇನ್ನೊಂದು ಬೇಡಿಕಿಗೆ ಯಾವತ್ತೂ ಕೊಡಬಾರದು.

ಈಗ W-12.3ಕ್ಕ ಟೆಸ್ಟ್ ಹೆಂಗ ಬರೀಬೇಕು ಅಂತ ಯೋಚನಿ ಮಾಡು, ಆಗ ನಿಜವಾದ ಪ್ರಶ್ನೆ ಹೊರಗ ಬರ್ತದ. ಕೇಬಲ್ ಕಿತ್ತಿ. ಐದು ಗಾಡಿ ತೂಕ ಮಾಡಿದಿ. ಕೇಬಲ್ ಹಾಕಿದಿ. ಪಿಸಿ ಒಂದೊಂದೇ ಲೆಕ್ಕ ಕಳಸ್ತದ. ಮೂರನೇದು ಸರ್ವರ್‌ಗೆ ಮುಟ್ತು, ಆದ್ರ "ಮುಟ್ತು" ಅನ್ನೋ ಉತ್ತರ ವಾಪಸ್ ಬರೋದ್ರೊಳಗ ನೆಟ್ ಮತ್ತ ಹೋತು. ಪಿಸಿಗೆ ಅದು ಗೊತ್ತಿಲ್ಲ, ಮೂರನೇದನ್ನ ಮತ್ತ ಕಳಸ್ತದ. ಸರ್ವರ್‌ನಾಗ ಐದು ಗಾಡಿ ಇರಬೇಕೋ ಆರು ಇರಬೇಕೋ? "ಒಂದು ತೂಕ ಎರಡು ಸಲ ಏರಬಾರದು" ಅಂತ ನಿನ್ನ ಶೀಟಿನಾಗ ಯಾವ ಸಾಲದ? ಇರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಉದ್ಯಮಬಾಗ್ ಕೋಡರ್

ಇಲ್ರಿ. ಇಲ್ಲವೇ ಇಲ್ಲ. ಆದ್ರ ಕೋಡ್‌ನ್ಯಾಗ ಅದಕ್ಕ ವ್ಯವಸ್ಥಾ ಐತಿ. ಪ್ರತಿ ತೂಕಕ್ಕ ಕಾಟಾದ ನಂಬರ್ ಮತ್ತ ಕ್ರಮಸಂಖ್ಯೆ ಸೇರಿಸಿ ಒಂದು ಗುರುತು ಮಾಡ್ತಾರ, ಅದೇ ಗುರುತು ಎರಡನೇ ಸಲ ಬಂದ್ರ ಸರ್ವರ್ ತಗೊಳ್ಳಂಗಿಲ್ಲ. ಬರೆದಾವ ಶ್ಯಾಣ್ಯಾ ಇದ್ದ.

ವಿಜಯಪುರದ ಟೆಸ್ಟರ್

ಶ್ಯಾಣ್ಯಾ ಇದ್ದ ಖರೆ, ಆದ್ರ ಅವನ ಶ್ಯಾಣೇತನ ಶೀಟಿಗೆ ಗೊತ್ತಿಲ್ಲ. ನಾಳೆ ಇನ್ನೊಬ್ಬಾವ ಬಂದು "ಇದ್ಯಾಕ ಬೇಕು" ಅಂತ ಆ ನಾಲ್ಕು ಸಾಲು ತೆಗೆದ್ರ 64 ಸಾಲೂ ಹಸಿರೇ ಇರ್ತಾವ.

ಅದಕ್ಕ ಎಲ್ಲರೂ ಎಡದಿಂದ ಬಲಕ್ಕ ಓದ್ತಾರ, ನೀ ಬಲದಿಂದ ಎಡಕ್ಕೂ ಓದು. ಕೋಡ್‌ನ್ಯಾಗಿರೋ ಪ್ರತಿ ಸ್ಕ್ರೀನ್, ಪ್ರತಿ ದೊಡ್ಡ ಫಂಕ್ಷನ್, ಪ್ರತಿ ಬಟನ್ ತಗೊಂಡು "ಇದನ್ನ ಯಾರು ಕೇಳಿದ್ರು?" ಅಂತ ಕೇಳು. ಉತ್ತರ ಎರಡರಾಗ ಒಂದು. ಬೇಡಿಕಿ ಬರೆಯೋದು ಬಿಟ್ಟಾರ, ಇಲ್ಲಾಂದ್ರ ಯಾರೂ ಕೇಳದ ಸಾಮಾನು ಒಳಗದ. ವಿಮಾನದ ಸಾಫ್ಟ್‌ವೇರ್‌ಗೆ ಇರೋ ಡಿಒ-178ಸಿ ಮಾನದಂಡದಾಗ ಈ ಎರಡೂ ದಿಕ್ಕು ಕಡ್ಡಾಯ. ಕಾಟಾಕ್ಕ ಅಷ್ಟು ಕಾಗದ ಬ್ಯಾಡ, ಆದ್ರ ಒಂದು ಮಧ್ಯಾಹ್ನ ಕೂತು ಹಿಂದಿನಿಂದ ಓದಿದ್ರ ಸಾಕಷ್ಟು ಸಿಗ್ತದ.

ಹತ್ತರಗಿ ಸಿಎನ್‌ಸಿ

ನಾ ಸಾಫ್ಟ್‌ವೇರ್ ಮಂದಿ ಅಲ್ರಿ, ವಿಮಾನದ ಬಿಡಿಭಾಗ ಮಾಡೋ ಮಶೀನ್ ಶಾಪ್‌ನ್ಯಾಗ ಇನ್‌ಸ್ಪೆಕ್ಷನ್ ನೋಡ್ತೀನಿ. ವಿಮಾನದ ಸುದ್ದಿ ಬಂತಂತ ಹೇಳ್ತೀನಿ. ಹೊಸಾ ಪಾರ್ಟಿಂದು ಮೊದಲ ಪೀಸ್ ಬಂದಾಗ ಎಎಸ್9102 ಪ್ರಕಾರ ಫಸ್ಟ್ ಆರ್ಟಿಕಲ್ ರಿಪೋರ್ಟ್ ಮಾಡ್ತೀವಿ. ಡ್ರಾಯಿಂಗ್ ಮ್ಯಾಲಿನ ಪ್ರತಿ ಅಳತಿಗೆ, ಪ್ರತಿ ಟಿಪ್ಪಣಿಗೆ ಗುಂಡಗ ಬಲೂನ್ ಹಾಕಿ ನಂಬರ್ ಕೊಡೋದು. ಫಾರ್ಮ್ 3ರಾಗ ಆ ನಂಬರಿಗೆ ಒಂದು ಸಾಲು. ಅದರಾಗ "ಓಕೆ" ಅಂತ ಬರದ್ರ ನಮ್ಮ ಕ್ವಾಲಿಟಿ ಸಾಹೇಬ್ರು ಕಾಗದ ಮಾರಿಗೆ ಒಗೀತಾರ. ವ್ಯಾಸ 12.00, ಬಂದದ್ದು 12.013, ಹಂಗ ಅಳತಿನ ಬರೀಬೇಕು. ಟಿಪ್ಪಣಿಯೊಳಗ ಮೂರು ಮಾತಿದ್ರ ಮೂರು ಬಲೂನ್.

ನಿಮ್ಮ ಶೀಟಿನಾಗ PASS ಅಂತ ಐತಲ್ಲ, ಏನು ಬಂತು ಅಂತ ಎಲ್ಲಿ ಐತಿ?

ಬಾಗಲಕೋಟಿ ಪಿಎಂ

ಸರ, ಕಬ್ಬಿನ ಕಾಟಾ ಮತ್ತ ವಿಮಾನ ಒಂದೇ ಏನ್ರಿ? ಇಷ್ಟೆಲ್ಲಾ ಬರೀತಾ ಕೂತ್ರ ಹಂಗಾಮು ಮುಗದ ಹೋಗ್ತೈತಿ.

ಸರಿ, ಒಡಿಯೋದು ಒಪ್ಪಿದೆ. ಒಂದು ಬೇಡಿಕಿಗೆ ನಾಕು ಟೆಸ್ಟ್ ಆದ್ವು ಅಂತ ತಿಳೀರಿ, ಕೈಯಿಂದ ಬಣ್ಣ ಹಚ್ಚೋದು ಬ್ಯಾಡ. Links ಅನ್ನೋ ಬ್ಯಾರೆ ಶೀಟ್ ಮಾಡ್ರಿ. ಒಂದು ಸಾಲಿಗೆ ಒಂದು ಬೇಡಿಕಿ-ಟೆಸ್ಟ್ ಜೋಡಿ. A ಕಾಲಮ್‌ನ್ಯಾಗ ಬೇಡಿಕಿ, Bನ್ಯಾಗ ಟೆಸ್ಟ್, Dನ್ಯಾಗ ಯಾವ ಬಿಲ್ಡ್ ಮ್ಯಾಲೆ ಓಡಿಸಿದ್ರಿ, Eನ್ಯಾಗ ಫಲಿತಾಂಶ. ಡೆಲಿವರಿ ಆಗೋ ಬಿಲ್ಡ್ ಹೆಸರು H1ರಾಗ. ಆಮೇಲೆ ಇದನ್ನ ಇಳಸ್ರಿ, TRUE ಬಂದ್ರ ಹಸಿರು:

```
=COUNTIFS(Links!A:A,A2,Links!D:D,$H$1,Links!E:E,"PASS")
 =COUNTIFS(Links!A:A,A2)
```

ಅಂದ್ರ ಆ ಬೇಡಿಕಿಗೆ ಎಷ್ಟು ಟೆಸ್ಟ್ ಜೋಡಸೀವೋ ಅಷ್ಟೂ ಈಗಿನ ಬಿಲ್ಡ್ ಮ್ಯಾಲೆ ಪಾಸ್ ಆಗಿರಬೇಕು.

ವಿಜಯಪುರದ ಟೆಸ್ಟರ್

ಸರ, ಬಿಲ್ಡ್ ಹೆಸರು ಒಳಗ ತಂದದ್ದು ಭಾಳ ಚಲೋ. ಹಳೇ ಬಿಲ್ಡ್ ಮ್ಯಾಲೆ ಪಾಸ್ ಆದದ್ದನ್ನ ಹೊಸಾದ್ರ ಲೆಕ್ಕಕ್ಕ ಹಿಡಿಯೋದು ಶೀಟ್ ಸುಳ್ಳು ಹೇಳೋ ಎರಡನೇ ಜಾಗ.

ಆದ್ರ ನಿಮ್ಮ ಫಾರ್ಮುಲಾಕ್ಕ ಒಂದೂ ಟೆಸ್ಟ್ ಇಲ್ಲದ ಬೇಡಿಕಿ ಕೊಟ್ಟು ನೋಡ್ರಿ. ಎಡಕ್ಕ ಸೊನ್ನೆ, ಬಲಕ್ಕ ಸೊನ್ನೆ. ಸೊನ್ನೆ ಸೊನ್ನೆಗೆ ಸಮ, TRUE, ಹಸಿರು! ಯಾವುದನ್ನ ಹುಡುಕಲಿಕ್ಕೆ ಮ್ಯಾಟ್ರಿಕ್ಸ್ ಮಾಡ್ತೀವೋ ಅದೇ ಸಾಲು ಎಲ್ಲಕ್ಕಿಂತ ಮೊದಲು ಹಸಿರಾಗ್ತದ.

ಬೇಡಿಕಿಯ ಆವೃತ್ತಿನೂ ಸೇರಿಸ್ರಿ. ಬೇಡಿಕಿ ಶೀಟಿನ B ಕಾಲಮ್‌ನ್ಯಾಗ ಈಗಿನ ಆವೃತ್ತಿ, Links ಶೀಟಿನ Cನ್ಯಾಗ ಆ ಟೆಸ್ಟ್ ಯಾವ ಆವೃತ್ತಿ ನೋಡಿ ಬರೆದದ್ದು ಅಂತ:

```
=AND(COUNTIFS(Links!A:A,A2)>0,
 COUNTIFS(Links!A:A,A2,Links!C:C,B2,
          Links!D:D,$H$1,Links!E:E,"PASS")
 =COUNTIFS(Links!A:A,A2))
```

ಇನ್ನೊಂದು ಸಣ್ಣದು. ಬಿಲ್ಡಿಗೆ 2.1, 2.10 ಅಂತ ಹೆಸರಿಡಬ್ಯಾಡ್ರಿ. COUNTIFSಗೆ ಎರಡೂ ಒಂದೇ ಸಂಖ್ಯೆ, ಎರಡನ್ನೂ ಒಟ್ಟಿಗೆ ಎಣಿಸ್ತದ. ಮುಂದ ಒಂದು ಅಕ್ಷರ ಹಾಕ್ರಿ, b2.10 ಅಂತ.

ಬಾಗಲಕೋಟಿ ಪಿಎಂ

ಸೊನ್ನಿ ಮಾತು ಖರೇ ಐತ್ರಿ. ನಮ್ಮ ಶೀಟ್‌ಗಳನ್ನೂ ಈಗ ತೆಗೆದು ನೋಡಬೇಕಾತು. ಆವೃತ್ತಿ ಕಾಲಮ್ ಮಾತ್ರ ನನಗ ಹೆಚ್ಚಿಂದು ಅನಸ್ತೈತಿ. ಬೇಡಿಕಿ ಬದಲಾದ್ರ ಟೆಸ್ಟರ್‌ಗೆ ಹೇಳೇ ಹೇಳ್ತೀವಲ್ಲ.

ಕೊನೇ ಸೆಮ್

ಸರ್, ಮೇಡಂ, ನಾನು ಬೆಳಗಾವಿಯಲ್ಲಿ ಬಿಇ ಕೊನೇ ಸೆಮಿಸ್ಟರ್. ನಮ್ಮ ಪ್ರಾಜೆಕ್ಟ್ ರಿಪೋರ್ಟಿಗೆ ಆರ್‌ಟಿಎಂ, ಅಂದರೆ ಇದೇ ಟ್ರೇಸೆಬಿಲಿಟಿ ಮ್ಯಾಟ್ರಿಕ್ಸ್, ಬೇಕು ಅಂದಿದ್ದಾರೆ. ಯಾರ ಹತ್ತಿರವಾದರೂ ತುಂಬಿದ ಎಕ್ಸೆಲ್ ಫೈಲ್ ಇದ್ದರೆ ಕಳಿಸಿ. ನಮ್ಮದು ಲೈಬ್ರರಿ ಮ್ಯಾನೇಜ್‌ಮೆಂಟ್.

ಹತ್ತರಗಿ ಸಿಎನ್‌ಸಿ

ಲೈಬ್ರರಿಗೆ ಕಾಟಾದ ಶೀಟ್ ತಗೊಂಡು ಏನ್ ಮಾಡ್ತಿ ತಮ್ಮಾ, ಪುಸ್ತಕ ತೂಕಾ ಹಾಕ್ತಿ ಏನು?

ವಿಜಯಪುರದ ಟೆಸ್ಟರ್

@ಕೊನೇ ಸೆಮ್, ತುಂಬಿದ್ದು ಬ್ಯಾಡ. ನಿನ್ನ ಬೇಡಿಕಿ ಒಂದನ್ನ ಇಲ್ಲಿ ಹಾಕು, ನೋಡೋಣ.

@ಬಾಗಲಕೋಟಿ ಪಿಎಂ, "ಹೇಳೇ ಹೇಳ್ತೀವಿ" ಅನ್ನೋದು ಎಷ್ಟು ಸಲ ನಡೀತದ ಅಂತ ಕೋಡರ್ ತಮ್ಮನ್ನ ಕೇಳೋಣ. ತಮ್ಮಾ, ನಿನ್ನ ಶೀಟ್ ಮಾಡಿದ ಮ್ಯಾಲೆ ಬದಲಾದ ಬೇಡಿಕಿ ಯಾವುದರೆ ಅದನು? ಮೀಟಿಂಗ್‌ನ್ಯಾಗ ಬಾಯಿಮಾತಿಲೆ ಬದಲಾದದ್ದೂ ನಡೀತದ.

ಉದ್ಯಮಬಾಗ್ ಕೋಡರ್

ಐತ್ರಿ ಅಕ್ಕಾರ. W-20, ಖಾಲಿ ಗಾಡಿ ತೂಕ. ಮೊದಲು ಹೆಂಗಿತ್ತಂದ್ರ, ಹಂಗಾಮಿನ ಸುರುವಿಗೆ ಟ್ರ್ಯಾಕ್ಟರ್ ಮತ್ತ ಎರಡು ಟ್ರೇಲರ್ ಜೋಡಿದು ಖಾಲಿ ತೂಕ ಒಮ್ಮೆ ತಗೊಂಡು ಸೇವ್ ಮಾಡೋದು, ಯಾರ್ಡ್‌ನ್ಯಾಗ ಗದ್ದಲ ಇದ್ದಾಗ ಅದನ್ನ ಬಳಸೋದು. ನಂತರ ಕಬ್ಬಿನ ವಿಭಾಗದ ಸಾಹೇಬ್ರು "ಪ್ರತಿ ಖೇಪಿಗೂ ಹೊಸದಾಗಿ ಖಾಲಿ ತೂಕ ಆಗಬೇಕು" ಅಂದ್ರಂತ. ಬೇಡಿಕಿ ಸಾಲಿನ ಮಾತು ಬದಲ ಮಾಡ್ಯಾರ. ಟೆಸ್ಟ್ T-44 ತೆಗೆದು ನೋಡಿದೆ: "ಸೇವ್ ಆದ ಖಾಲಿ ತೂಕ ಬಳಸಿ ನಿವ್ವಳ ತೂಕ ಸರಿ ಬರತೈತೋ ನೋಡು." ಪಾಸ್ ಐತಿ!

ಅಂದ್ರ ಏನು ಆಗಬಾರದೋ ಅದು ಆಗತೈತಿ ಅಂತ ಟೆಸ್ಟ್ ಸಾಕ್ಷಿ ಹೇಳಾಕತ್ತೈತಿ, ಮತ್ತ ಸಾಲು ಹಸಿರು.

ವಿಜಯಪುರದ ಟೆಸ್ಟರ್

ಇದೇ ಮೂರನೇ ಜಾಗ. ಲಿಂಕ್ ಮುರದಿಲ್ಲ, W-20ರಿಂದ T-44ಕ್ಕ ಗೆರಿ ಹಂಗೇ ಅದ. ಆದ್ರ ಗೆರಿಯ ಒಂದು ತುದಿ ಸರದದ. ದೊಡ್ಡ ಟೂಲ್‌ಗಳಾಗ ಬೇಡಿಕಿ ತಿದ್ದಿದ ಕೂಡಲೇ ಅದಕ್ಕ ಕಟ್ಟಿದ ಎಲ್ಲಾ ಲಿಂಕ್‌ಗಳಿಗೂ ತಾನೇ ಸಂಶಯದ ಗುರುತು ಬೀಳ್ತದ, ಯಾರರೆ ಓದಿ "ಇನ್ನೂ ಸರಿ ಅದ" ಅಂತ ಒಪ್ಪೋತನಕ ಹೋಗಂಗಿಲ್ಲ. ಎಕ್ಸೆಲ್‌ನ್ಯಾಗ ಅದನ್ನ ಆ C ಕಾಲಮ್ ಮಾಡ್ತದ. ಬೇಡಿಕಿ ಆವೃತ್ತಿ 2 ಆತು, ಲಿಂಕ್‌ನ್ಯಾಗ ಇನ್ನೂ 1 ಅದ, ಹಸಿರು ತಾನೇ ಹೋಗ್ತದ. C ಕಾಲಮ್‌ಗೆ ಮಾತ್ರ ಫಾರ್ಮುಲಾ ಹಾಕಬಾರದು. ಟೆಸ್ಟ್ ಮತ್ತೊಮ್ಮೆ ಓದಿದಾವ್ರೇ ಕೈಯಿಂದ 2 ಅಂತ ಬರೀಬೇಕು.

ಹೊಸಾ T-44 ಹೆಂಗಿರಬೇಕಂದ್ರ: ಸೇವ್ ಆದ ತೂಕ ಇರೋ ಗಾಡಿಯನ್ನೇ ತಗೋ. ತುಂಬಿದ ತೂಕ 24,360 ಕೆಜಿ. ಸೇವ್ ಆದದ್ದು 7,840. ಇವತ್ತಿನ ಖಾಲಿ ತೂಕ 7,690, ಯಾಕಂದ್ರ ಟ್ರೇಲರ್ ಮ್ಯಾಲಿನ ಕಬ್ಬಿಣದ ಜಾಲಿ ತೆಗೆದಾರ ಅಂತ ತಿಳಿ. ನಿವ್ವಳ 16,670 ಬರಬೇಕು. 16,520 ಬಂದ್ರ ಫೇಲ್. ಎರಡು ತೂಕ ಬ್ಯಾರೆ ಬ್ಯಾರೆ ಇರೋ ಹಂಗ ಅಂಕಿ ಆರಿಸೋದೇ ಇಲ್ಲಿ ಕೆಲಸ. ಎರಡೂ 7,840 ಇಟ್ಟು ಟೆಸ್ಟ್ ಮಾಡಿದ್ರ ತಪ್ಪು ಕೋಡೂ ಪಾಸ್ ಆಗ್ತದ. ಹತ್ತರಗಿ ಅಣ್ಣಾರು ಹೇಳಿದ್ದು ಸರಿ ಅದ, ಫಲಿತಾಂಶದಾಗ PASS ಜೋಡಿ ಬಂದ ಅಂಕಿನೂ ಬರೀಬೇಕು. ಆ ಅಂಕಿ ಇದ್ದಿದ್ರ ಹಳೇ ಟೆಸ್ಟಿನ ಬಣ್ಣ ಅವತ್ತೇ ಬಯಲಾಗ್ತಿತ್ತು.

ಹತ್ತರಗಿ ಸಿಎನ್‌ಸಿ

ನಮ್ಮಲ್ಲೂ ಹಂಗರಿ. ಡ್ರಾಯಿಂಗ್ ರಿವಿಜನ್ ಬದಲಾತಂದ್ರ ಪೂರ್ತಿ ರಿಪೋರ್ಟ್ ಮತ್ತ ಮಾಡಂಗಿಲ್ಲ, ಬದಲಾದ ಬಲೂನ್‌ಗಳಿಗಷ್ಟ ಪಾರ್ಶಿಯಲ್ ಮಾಡ್ತೀವಿ. ಆದ್ರ ಯಾವುದು ಬದಲಾತು ಅಂತ ಗೊತ್ತಿರಬೇಕಲ್ಲ, ಅದಕ್ಕ ರಿವಿಜನ್ ಬೇಕ ಬೇಕು.

ಜಮಖಂಡಿ ಕಬ್ಬಿನಾಂವ

ನಾಕು ಎಕರೆ ಕಬ್ಬು ಹಚ್ಚಾಂವ ನಾ. ನಿಮ್ಮ ಶೀಟು ಹಸಿರೋ ಕೆಂಪೋ ನನಗ ತಿಳಿಯಂಗಿಲ್ಲ. ಮೊದಲು ಕಾಟಾ ಹೊಡಿಯೋದು ಬಂದ್ ಮಾಡಸ್ರಿ. ಮ್ಯಾಲೆ ಅಕ್ಕಾರು 150 ಕೆಜಿ ಫರಕ ಬರದಾರ, ಟನ್ನಿಗೆ 3,300 ಹಿಡಿದ್ರೂ ಒಂದ ಖೇಪಿಗೆ 495 ರೂಪಾಯಿ. ಇದನ್ನ ಟೆಸ್ಟ್ ಅಂತೀರಿ ನೀವು, ನಾವು ಲುಕ್ಸಾನ ಅಂತೀವಿ.

ಚೀಟಿನ್ಯಾಗ ಬರೇ ನಿವ್ವಳ ತೂಕ ಹೊಡದ ಕೊಡ್ತಾರ. ಅದೂ ಡ್ರೈವರನ ಕೈಗೆ. ನಾ ಹೊಲದಾಗಿರ್ತೀನಿ, ಚೀಟಿ ನನಗ ಮುಟ್ಟೋದು ಮುಂದಿನ ಖೇಪಿಗೆ. ತುಂಬಿದ ತೂಕ ಎಷ್ಟು, ಖಾಲಿ ಎಷ್ಟು, ಎಷ್ಟು ಗಂಟೆಗೆ ಆತು, ಅದು ಯಾರಿಗೆ ಬೇಕಾಗಿಲ್ಲ? ಮತ್ತ ತಾರೀಖು. ನೆಟ್ ಇಲ್ಲಂತ ಸೋಮವಾರ ರಾತ್ರಿ ಹಾಕಿದ ಕಬ್ಬು ಮಂಗಳವಾರದ ಲೆಕ್ಕಕ್ಕ ಬಂದಿತ್ತು ಒಂದ ಕಡೆ. 1966ರ ಕಬ್ಬು ನಿಯಂತ್ರಣ ಆದೇಶದಾಗ ಕಬ್ಬು ಕೊಟ್ಟ 14 ದಿನದೊಳಗ ರೊಕ್ಕ ಕೊಡಬೇಕು, ತಡಾ ಆದ್ರ ವರ್ಷಕ್ಕ ನೂರಕ್ಕ 15 ಬಡ್ಡಿ ಅಂತ ಐತಿ. ದಿನ ಯಾವಾಗಿಂದ ಎಣಸ್ತೀರಿ?

ಬಾಗಲಕೋಟಿ ಪಿಎಂ

ಕಾಕಾ, ಇದು ಸಾಫ್ಟ್‌ವೇರ್ ಟೆಸ್ಟಿಂಗ್ ಚರ್ಚಾ ನಡದೈತಿ. ರೇಟು, ಬಾಕಿ ಇವೆಲ್ಲಾ ಬ್ಯಾರೆ ವಿಷಯ.

ವಿಜಯಪುರದ ಟೆಸ್ಟರ್

ಬ್ಯಾರೆ ಅಲ್ರಿ ಸರ. ಇಷ್ಟೊತ್ತಿನ ಚರ್ಚಾದಾಗ ಮೂರು ಬೇಡಿಕಿ ಒಟ್ಟಿಗೆ ಕೊಟ್ಟಾವ್ರು ಕಾಕಾರೇ. ನಾವು ಎಷ್ಟು ಲಿಂಕ್ ಹಾಕಿದ್ರೂ ಮೊದಲನೇ ಕಾಲಮ್‌ನ್ಯಾಗ ಇಲ್ಲದ್ದನ್ನ ಮ್ಯಾಟ್ರಿಕ್ಸ್ ಹುಡುಕಿ ಕೊಡಂಗಿಲ್ಲ. ಅದರ ಮಿತಿ ಅಲ್ಲಿಗೇ ಮುಗೀತದ.

ತಮ್ಮಾ, ನಿನ್ನ ಬೇಡಿಕಿಗಳ ಎಡಕ್ಕ ಇನ್ನೊಂದು ಕಾಲಮ್ ಹಾಕು: ಯಾರು ಕೇಳಿದ್ದು. ಕಬ್ಬಿನ ವಿಭಾಗ, ಅಕೌಂಟ್ಸ್, ಕಾಟಾ ಕ್ಲಾರ್ಕ್, ಕಾನೂನು, ರೈತ. ತುಂಬಿ ಆದ ಮ್ಯಾಲೆ ಫಿಲ್ಟರ್ ಹಾಕಿ ನೋಡು. "ರೈತ" ಅಂತ ಎಷ್ಟು ಸಾಲು ಅವ, "ಕಾನೂನು" ಅಂತ ಎಷ್ಟು?

ತಾರೀಖಿನ ಮಾತಂತೂ ನೇರ W-12.3ರ ಹೊಟ್ಟ್ಯಾಗ ಕೂತದ. ನೆಟ್ ಇಲ್ಲದಾಗ ಆದ ತೂಕ ಬೆಳಿಗ್ಗೆ ಸರ್ವರ್‌ಗೆ ಮುಟ್ಟಿದ್ರ, ಸರ್ವರ್ ತನಗ ಮುಟ್ಟಿದ ತಾರೀಖು ಹಾಕ್ತದೋ, ತೂಕ ಆದ ತಾರೀಖು ಇಟ್ಕೋತದೋ? ರಾತ್ರಿ 11:50ಕ್ಕ ಕೇಬಲ್ ಕಿತ್ತು ಒಂದು ಗಾಡಿ ಪೂರಾ ಮಾಡು, 12:10ಕ್ಕ ಕೇಬಲ್ ಹಾಕು. ಇದಕ್ಕ ಇಪ್ಪತ್ತು ನಿಮಿಷದ ಟೆಸ್ಟ್ ಸಾಕು. ಪಿಸಿ ಗಡಿಯಾರ ಮುಂದಕ್ಕ ತಳ್ಳಿ ಮಾಡಿದ್ರೂ ನಡೀತದ, ಆದ್ರ ಸರ್ವರ್ ಗಡಿಯಾರನೂ ಜೋಡಿಗೆ ತಳ್ಳು.

ಜಮಖಂಡಿ ಕಬ್ಬಿನಾಂವ

ಅಕ್ಕಾರ ತಿಳಕೊಂಡ್ರಲ್ಲ. ಚೀಟಿ ಮಾತು ಮರೀಬ್ಯಾಡ್ರಿ.

ಗೋಕಾಕ ಫೀಲ್ಡ್ ಸರ್ವಿಸ್

ನಾ ಕಾಟಾ ಕೂಡಸೋ, ರಿಪೇರಿ ಮಾಡೋ ಮನುಷ್ಯಾ. Delivered: Y ಅಂತ ನೋಡಿ ನಗು ಬಂತು, ಸಿಟ್ಟಾಗಬ್ಯಾಡ್ರಿ. Y ಅಂದ್ರ ಯಾವ ಕಾಟಾದ ಪಿಸಿಗೆ? ನಾಕು ಕಾಟಾ ಅಂದ್ರ ನಾಕು ಪಿಸಿ. ಆಫೀಸ್‌ನಾವ್ರು ಹೊಸಾ ಬಿಲ್ಡ್ ಮೇಲ್ ಮಾಡ್ತಾರ, ಮೂರು ಪಿಸಿಗೆ ಏರಸ್ತೀವಿ, ಎತ್ತಿನ ಗಾಡಿ ಕಾಟಾದಾಗ ಲೈನ್ ಹತ್ತಿರತೈತಿ, ಕ್ಲಾರ್ಕ್ "ನಾಳೆ ಬಾ" ಅಂತಾನ. ಆ ನಾಳೆ ಹಂಗಾಮು ಮುಗದ ಮ್ಯಾಲೆ ಬರತೈತಿ.

ಮತ್ತ ನಿಮ್ಮ ಟೆಸ್ಟ್ ಎಲ್ಲಾ ಆಫೀಸ್‌ನ್ಯಾಗ ಸಿಮ್ಯುಲೇಟರ್ ಮ್ಯಾಲೆ ಆಗಿರ್ತಾವ. ಇಲ್ಲಿ ತೂಕ ತೋರಿಸೋ ಇಂಡಿಕೇಟರ್ ಬ್ಯಾರೆ ಬ್ಯಾರೆ ಕಂಪನಿದು. ಸೀರಿಯಲ್ ಕೇಬಲ್‌ನ್ಯಾಗ ಒಂದು ತೂಕದ ಮುಂದ ಎರಡು ಅಕ್ಷರ ಕಳಸ್ತೈತಿ, ಇನ್ನೊಂದು ಹಿಂದ ಕಳಸ್ತೈತಿ. ತೂಕ ಅಲ್ಲಾಡಾಕತ್ತೈತೋ ನಿಂತೈತೋ ಅನ್ನೋ ಗುರುತೂ ಬ್ಯಾರೆ. ಟ್ರ್ಯಾಕ್ಟರ್ ಇನ್ನೂ ಹೊಯ್ದಾಡೋವಾಗ ತೂಕ ಹಿಡಕೊಂಡ್ರ ಮುಗೀತು.

ಉದ್ಯಮಬಾಗ್ ಕೋಡರ್

ಅಣ್ಣಾರ, ಹಂಗಾದ್ರ ಡೆಲಿವರಿ ಕಾಲಮ್‌ನ್ಯಾಗ ಏನ್ ಬರೀಬೇಕು?

ಗೋಕಾಕ ಫೀಲ್ಡ್ ಸರ್ವಿಸ್

ಒಂದು ಕಾಲಮ್ ಸಾಲಂಗಿಲ್ಲ, ನಾಕು ಮಾಡ್ರಿ, ಕಾಟಾಕ್ಕ ಒಂದು. Y ಬ್ಯಾಡ. ಪಿಸಿ ಮುಂದ ಕೂತು About ತೆಗೆದು ಅಲ್ಲಿ ಕಾಣೋ ಬಿಲ್ಡ್ ಹೆಸರು ಬರೀರಿ. ಎಲ್ಲಾ ಬೇಡಿಕಿ ಸೈಟ್‌ನ್ಯಾಗ ಮತ್ತ ಟೆಸ್ಟ್ ಮಾಡೋದೂ ಬ್ಯಾಡ. ಜಾಗಕ್ಕ ಕಟ್ಟಿದ್ದಷ್ಟ ಮಾಡ್ರಿ: ಇಂಡಿಕೇಟರ್ ಓದೋದು, ಪ್ರಿಂಟರ್, ನೆಟ್ ಕೀಳೋದು, ಕರೆಂಟ್ ತೆಗೆಯೋದು, ಪಿಸಿ ಗಡಿಯಾರ, ರೈತಗ ಹೋಗೋ ತೂಕದ ಎಸ್ಸೆಮ್ಮೆಸ್.

ವಿಜಯಪುರದ ಟೆಸ್ಟರ್

ಎಸ್ಸೆಮ್ಮೆಸ್ ಅಂದದ್ದು ಚಲೋ ಆತು. ಆ ಟೆಸ್ಟಿನಾಗ ನಿರೀಕ್ಷಿತ ಫಲಿತಾಂಶ "ಗೇಟ್‌ವೇ ಸಕ್ಸೆಸ್ ಅಂತು" ಅಂತ ಇದ್ರ ಒಪ್ಪಬ್ಯಾಡ ತಮ್ಮಾ. ನಮ್ಮ ದೇಶದಾಗ ವ್ಯವಹಾರದ ಎಸ್ಸೆಮ್ಮೆಸ್ ಕಳಿಸಲಿಕ್ಕೆ ಅದರ ಪಠ್ಯ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನೋ ವ್ಯವಸ್ಥಾದಾಗ ಮೊದಲೇ ನೋಂದಣಿ ಆಗಿರಬೇಕು. ಕಾಕಾರ ಮಾತು ಕೇಳಿ ನೀ ತುಂಬಿದ ತೂಕ, ಖಾಲಿ ತೂಕ ಸೇರಿಸಿದಿ ಅಂದ್ರ ಪಠ್ಯ ಬದಲಾತು, ನೋಂದಣಿಗೆ ಹೊಂದಂಗಿಲ್ಲ, ಮೆಸೇಜ್ ನಡುವೆ ನಿಂತುಬಿಡ್ತದ. ಗೇಟ್‌ವೇ ಮೊದಲು "ತಗೊಂಡೆ" ಅಂದಿರ್ತದ, ಟೆಸ್ಟ್ ಪಾಸ್. ಮತ್ತ ಕನ್ನಡದಾಗ ಕಳಿಸಿದ್ರ ಒಂದು ಮೆಸೇಜಿಗೆ 70 ಅಕ್ಷರ, ಇಂಗ್ಲಿಷಿನ ಹಂಗ 160 ಅಲ್ಲ. ಉದ್ದ ಆದ್ರ ಎರಡು ಮೆಸೇಜಿನ ರೊಕ್ಕ. ನಿರೀಕ್ಷಿತ ಫಲಿತಾಂಶ ಅಂದ್ರ ಫೋನ್ ಮ್ಯಾಲೆ ಬಂದ ಮೆಸೇಜು.

ಕೊನೇ ಸೆಮ್

ಮೇಡಂ, ನಮ್ಮ ಒಂದು ಬೇಡಿಕೆ: "ಸಿಸ್ಟಂ ಬಳಸಲು ಸುಲಭವಾಗಿರಬೇಕು." ಇದಕ್ಕೆ ಟೆಸ್ಟ್ ಕಾಲಮ್‌ನಲ್ಲಿ ಏನು ಹಾಕಲಿ?

ವಿಜಯಪುರದ ಟೆಸ್ಟರ್

ಏನೂ ಹಾಕಲಿಕ್ಕೆ ಬರಂಗಿಲ್ಲ, ಅದೇ ಉತ್ತರ. ಟೆಸ್ಟ್ ಕಾಲಮ್ ತುಂಬಲಿಕ್ಕೆ ಆಗವಲ್ದು ಅಂದ್ರ ಬೇಡಿಕಿ ಇನ್ನೂ ಹಸಿ ಅದ. "ಹೊಸಾ ಲೈಬ್ರರಿಯನ್ ಯಾರ ಸಹಾಯ ಇಲ್ಲದ ಒಂದು ಪುಸ್ತಕ ಎರಡು ನಿಮಿಷದಾಗ ಇಶ್ಯೂ ಮಾಡಬೇಕು" ಅಂತ ಬರಿ, ಆಗ ಟೆಸ್ಟ್ ತಾನೇ ಕಾಣ್ತದ. ಎರಡು ನಿಮಿಷ ಅನ್ನೋದು ನನ್ನ ಮಾತು, ನಿಮ್ಮ ಕಾಲೇಜ್ ಲೈಬ್ರರಿಯನ್‌ರನ್ನ ಕೇಳಿ ಬರಿ.

ಉದ್ಯಮಬಾಗ್ ಕೋಡರ್

ಸಹಿ ನಿಲ್ಲಿಸೇನ್ರಿ. ಇವತ್ತಿಗೆ ಎಲ್ಲಿಗೆ ಬಂತು ಅಂತ ಹೇಳ್ತೀನಿ.

64 ಸಾಲು ಒಡದು 91 ಆದ್ವು. ಅಕ್ಕಾರ ಫಾರ್ಮುಲಾ ಇಳಿಸಿದ್ರ 91ರಾಗ ಹಸಿರು ಉಳದದ್ದು 58. ಉಳದವು ಕೆಟ್ಟಾವ ಅಂತಲ್ಲ, ಸಾಕ್ಷಿ ಇಲ್ಲ ಅಷ್ಟ. ರಾತ್ರಿ 12ರ ಟೆಸ್ಟ್ ಮಾಡಿದ್ರ ಕಾಕಾ ಹೇಳಿದ್ದು ಖರೇ ಆತು: ಚೀಟಿನ್ಯಾಗ ಸೋಮವಾರ, ಅಕೌಂಟ್ಸ್ ರಿಪೋರ್ಟ್‌ನ್ಯಾಗ ಮಂಗಳವಾರ. ಅದು ದುರಸ್ತಿ ಆಗಾಕತ್ತೈತಿ. "ಯಾರು ಕೇಳಿದ್ದು" ಕಾಲಮ್‌ನ್ಯಾಗ ರೈತ ಅಂತ ಒಂದೂ ಸಾಲಿಲ್ಲ. ಎಸ್ಸೆಮ್ಮೆಸ್ ಬೇಡಿಕಿನೂ ಅಕೌಂಟ್ಸ್‌ನಾವ್ರು ಕೇಳಿದ್ದು, ಫೋನ್ ಕಡಿಮಿ ಬರಲಿ ಅಂತ.

ಬಲದಿಂದ ಎಡಕ್ಕ ಓದೋವಾಗ ಇನ್ನೊಂದು ಸಿಕ್ತು. ಕಾಟಾ ಸ್ಕ್ರೀನ್ ಮ್ಯಾಲೆ Ctrl+M ಒತ್ತಿದ್ರ ತೂಕ ಕೈಯಿಂದ ಟೈಪ್ ಮಾಡೋ ಬಾಕ್ಸ್ ಬರತೈತಿ. ಯಾವ ಬೇಡಿಕಿಗೂ ಕಟ್ಟಿಲ್ಲ, ಯಾವ ಟೆಸ್ಟೂ ಇಲ್ಲ. ಇಂಡಿಕೇಟರ್ ಇಲ್ಲದ ಆಫೀಸ್‌ನ್ಯಾಗ ಟೆಸ್ಟ್ ಮಾಡಾಕ ಮಾಡ್ಕೊಂಡಿರಬೇಕು. ಡೆಲಿವರಿ ಬಿಲ್ಡ್‌ನ್ಯಾಗ ಹಂಗೇ ಐತಿ. ಟೈಪ್ ಮಾಡಿದ ತೂಕಕ್ಕೂ ಇಂಡಿಕೇಟರ್‌ದಿಂದ ಬಂದ ತೂಕಕ್ಕೂ ಡೇಟಾಬೇಸ್‌ನ್ಯಾಗ ಫರಕ ಗೊತ್ತಾಗಂಗಿಲ್ಲ.

ಜಮಖಂಡಿ ಕಬ್ಬಿನಾಂವ

ನಾ ಮೊದಲ ಹೇಳಿದ್ದು ಇದನ್ನ.

ಗೋಕಾಕ ಫೀಲ್ಡ್ ಸರ್ವಿಸ್

ತೂಕ-ಅಳತಿ ಇಲಾಖೆಯವ್ರು ಪರೀಕ್ಷಾ ಮಾಡಿ ಸೀಲ್ ಹೊಡಿಯೋದು ಕಾಟಾ ಮತ್ತ ಇಂಡಿಕೇಟರ್‌ಗೆ. ಇಂಡಿಕೇಟರ್ ದಾಟಿ ಪಿಸಿ ಒಳಗ ಏನು ಟೈಪ್ ಮಾಡ್ತಾರ ಅನ್ನೋದನ್ನ ಆ ಸೀಲ್ ತಡೆಯಂಗಿಲ್ಲ. ಇದನ್ನ ತೆಗದು ಹಾಕ್ರಿ.

ಬಾಗಲಕೋಟಿ ಪಿಎಂ

ಪೂರ್ತಿ ತೆಗೀಬ್ಯಾಡ್ರಿ. ನಡುರಾತ್ರಿ ಇಂಡಿಕೇಟರ್ ಕೇಬಲ್ ಕೆಟ್ರ ಏನ್ ಮಾಡ್ತೀರಿ? ಡಿಸ್‌ಪ್ಲೇ ಮ್ಯಾಲೆ ತೂಕ ಕಾಣತೈತಿ, ಕೇಬಲ್ ಸುಟ್ಟೈತಿ, ಹೊರಗ ಇನ್ನೂರು ಗಾಡಿ ನಿಂತಾವ. ಕ್ಲಾರ್ಕ್ ನೋಡಿ ಟೈಪ್ ಮಾಡಬೇಕಾಗತೈತಿ. ಕಾರ್ಖಾನ್ಯಾವ್ರಿಂದ ಬರವಣಿಗಿಯೊಳಗ ಕೇಳಿ ಅದನ್ನೂ ಒಂದು ಬೇಡಿಕಿ ಮಾಡ್ರಿ: ಇಬ್ಬರ ಪಾಸ್‌ವರ್ಡ್, ಚೀಟಿ ಮ್ಯಾಲೆ "ಕೈಯಿಂದ ನಮೂದು" ಅಂತ ದೊಡ್ಡ ಅಕ್ಷರ, ಬ್ಯಾರೆ ರಿಪೋರ್ಟ್.

ವಿಜಯಪುರದ ಟೆಸ್ಟರ್

ಸರ್ ಹೇಳೋದರಾಗ ಹುರುಳದ, ಆದ್ರ ಆ ಬೇಡಿಕಿ ಬಂದು, ಟೆಸ್ಟ್ ಆಗೋತನಕ ಬಿಲ್ಡ್‌ನ್ಯಾಗ ಅದು ಇರಬಾರದು. ಯಾರು ಕೇಳಿದ್ರು ಅನ್ನೋ ಕಾಲಮ್ ಖಾಲಿ ಇರೋ ಸಾಮಾನು ಹೊರಗ ಹೋಗಬಾರದು.

ಬಾಗಲಕೋಟಿ ಪಿಎಂ

ಒಪ್ಪಿದೆ. ಆದ್ರ ಡಿಸೈನ್ ಕಾಲಮ್ ಬಗ್ಗೆ ನನ್ನದೊಂದು ತಕರಾರು ಐತ್ರಿ. ನಾಕು ಮಂದಿ ತಂಡಕ್ಕ D-5, D-6 ಅಂತ ಬರಕೊಂಡು ಯಾರೂ ಓದಂಗಿಲ್ಲ. ಬೇಡಿಕಿಯಿಂದ ನೇರ ಟೆಸ್ಟ್‌ಗೆ ಹೋಗ್ರಿ.

ವಿಜಯಪುರದ ಟೆಸ್ಟರ್

ಈಗ ಆ ತಾರೀಖಿನ ತಪ್ಪು ತಿದ್ದಲಿಕ್ಕೆ D-5 ಮುಟ್ಟಬೇಕಲ್ಲ, ನೆಟ್ ಇಲ್ಲದಾಗ ಲೆಕ್ಕ ಕೂಡಿಡೋ ಭಾಗ. D-5 ಮ್ಯಾಲೆ ಫಿಲ್ಟರ್ ಹಾಕಿದ್ರ ಯಾವ ಯಾವ ಬೇಡಿಕಿ ಮತ್ತ ಟೆಸ್ಟ್ ಆಗಬೇಕು ಅಂತ ಕಾಣ್ತದ. ನೇರ ಲಿಂಕ್‌ನ್ಯಾಗ ಅದು ಕಾಣಂಗಿಲ್ಲ, 91ನ್ನೂ ಓಡಿಸಬೇಕಾಗ್ತದ.

ಬಾಗಲಕೋಟಿ ಪಿಎಂ

ನಾಕು ಮಂದ್ಯಾಗ ಯಾರಿಗೆ ಕೇಳಿದ್ರೂ ಬಾಯಿಲೇ ಹೇಳ್ತಾರ್ರಿ ಅಕ್ಕಾರ.

ವಿಜಯಪುರದ ಟೆಸ್ಟರ್

ಕೋಡರ್ ತಮ್ಮನ ಮೊದಲಿದ್ದಾವ್ರೂ ಬಾಯಿಲೇ ಹೇಳ್ತಿದ್ರು. ಇರಲಿ, ಇದನ್ನ ನಿಮ್ಮ ನಿಮ್ಮ ತಂಡದಾಗ ನೋಡಿಕೊಳ್ಳ್ರಿ.

ಉದ್ಯಮಬಾಗ್ ಕೋಡರ್

D-5 ಫಿಲ್ಟರ್ ಹಾಕಿದೆ, 11 ಬೇಡಿಕಿ ಬಂದ್ವು. ಅವಷ್ಟ ಓಡಸ್ತೀವಿ. Ctrl+M ಇವತ್ತಿನ b2.11 ಬಿಲ್ಡ್‌ನ್ಯಾಗ ಇಲ್ಲ. ಕಾರ್ಖಾನ್ಯಾವ್ರಿಗೆ ಬರದು ಕೇಳೇವಿ, ಕಬ್ಬಿನ ವಿಭಾಗ "ಬೇಕು" ಅಂತಾರ, ಅಕೌಂಟ್ಸ್ "ಬ್ಯಾಡ" ಅಂತಾರ, ಬರವಣಿಗಿ ಯಾರೂ ಕೊಟ್ಟಿಲ್ಲ. ಚೀಟಿನ್ಯಾಗ ಮೂರೂ ತೂಕ ಮತ್ತ ಟೈಮ್ ಹಾಕೋದು W-65 ಅಂತ ಸೇರಿಸೇನಿ, ಕೇಳಿದಾವ್ರು: ರೈತ. ಅದಕ್ಕ ಬ್ಯಾರೆ ರೊಕ್ಕ ಕೊಡಂಗಿಲ್ಲ ಅಂದಾರ, ಪ್ರಿಂಟರ್ ಕಾಗದ ಉದ್ದ ಆಗತೈತಿ ಅಂತ ಇನ್ನೊಂದು ತಕರಾರು. ಎತ್ತಿನ ಗಾಡಿ ಕಾಟಾದ About ನೋಡಾಕ ನಾಳೆ ಹೊಂಟೇನಿ. ಗೋಕಾಕ ಅಣ್ಣಾರ, ಇಂಡಿಕೇಟರ್ ಸೀರಿಯಲ್‌ದಿಂದ ಏನು ಕಳಸ್ತೈತಿ ಅಂತ ಹಿಡಕೊಂಡು ಬರಾಕ ಯಾವ ಕೇಬಲ್ ಒಯ್ಯಲಿ?

ಗೋಕಾಕ ಫೀಲ್ಡ್ ಸರ್ವಿಸ್

ಯುಎಸ್‌ಬಿಯಿಂದ ಆರ್‌ಎಸ್-232 ಮಾಡೋ ಕನ್ವರ್ಟರ್ ಒಂದು, ಒಂಬತ್ತು ಪಿನ್ನಿನ ನೇರ ಕೇಬಲ್ ಒಂದು, ಕ್ರಾಸ್ ಕೇಬಲ್ ಒಂದು, ಎರಡೂ ಒಯ್ರಿ. ಲ್ಯಾಪ್‌ಟಾಪ್‌ನ್ಯಾಗ PuTTY ಇರಲಿ. ಮೊದಲು 9600ಕ್ಕ ಹಚ್ಚಿ ನೋಡ್ರಿ, ಕಸ ಬಂದ್ರ 2400. ಮತ್ತ ಬೆಳಿಗ್ಗೆ ಹೋಗ್ರಿ, ಮಧ್ಯಾಹ್ನ ಆದ್ರ ಕ್ಲಾರ್ಕ್ ಊಟಕ್ಕ ಹೋಗಿರ್ತಾನ.